ಪ್ರಾಜೆಕ್ಟ್ ಮುಗಿದ ಮೇಲೆ ಪ್ರಾಡಕ್ಟ್: ಐಡಿಯಾದಿಂದ ಕ್ಲೋಷರ್‌ವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತರಬೇತಿಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇವೆ. ವಿವರಣೆಗೆ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ: ಒಂದು ತಾಲ್ಲೂಕು ಊರಿನಲ್ಲಿ ರಾಗಿ ದೋಸೆ ಮಿಕ್ಸ್ ತಯಾರಿಸುವ ಸಣ್ಣ ಘಟಕ. ಪ್ಯಾಕೆಟ್ 500 ಗ್ರಾಂ, ಪ್ರಾಜೆಕ್ಟ್ ಬಜೆಟ್ 18 ಲಕ್ಷ ರೂಪಾಯಿ, ಅವಧಿ 34 ವಾರ. ಅಂಕಿಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಊರಿನ ಬಾಡಿಗೆ, ಕೂಲಿ, ಕಾಳಿನ ಧಾರಣೆ ಹಾಕಿದರೆ ಬೇರೆ ಬರುತ್ತವೆ.

## ಮೊದಲ ಗೊಂದಲಗಳು

ಪ್ರಾಜೆಕ್ಟ್ ಲೈಫ್ ಸೈಕಲ್, ಪ್ರಾಡಕ್ಟ್ ಲೈಫ್ ಸೈಕಲ್ ಎರಡೂ ಒಂದೇ ಅಲ್ವಾ? ಹೆಸರು ಮಾತ್ರ ಬೇರೆ ತಾನೆ?

ಅಲ್ಲ. ಪ್ರಾಜೆಕ್ಟ್ ಎಂದರೆ ಶುರು ಮತ್ತು ಕೊನೆ ಎರಡೂ ಗೊತ್ತಿರುವ ತಾತ್ಕಾಲಿಕ ಕೆಲಸ. ಹಿಂದೆ ಇಲ್ಲದಿದ್ದ ಏನನ್ನೋ ಅದು ತಂದುಕೊಡಬೇಕು. ನಮ್ಮ ಉದಾಹರಣೆಯಲ್ಲಿ "ದೋಸೆ ಮಿಕ್ಸ್ ತಯಾರಿಸಬಲ್ಲ ಘಟಕವನ್ನು ನಿಲ್ಲಿಸುವುದು" ಪ್ರಾಜೆಕ್ಟ್. ಘಟಕ ನಿಂತು, ನಡೆಸುವವರ ಕೈಗೆ ಕೀಲಿ ಕೊಟ್ಟ ದಿನ ಅದು ಮುಗಿಯಿತು.

ಪ್ಯಾಕೆಟ್ಟಿನ ಆಯಸ್ಸು ಹೆಚ್ಚುಕಡಿಮೆ ಅದೇ ದಿನ ಶುರುವಾಗುತ್ತದೆ. ಅಂಗಡಿಗೆ ಬರುವುದು, ಗಿರಾಕಿ ಹಿಡಿಯುವುದು, ಮಾರಾಟ ಏರುವುದು, ಒಂದು ಮಟ್ಟಕ್ಕೆ ನಿಲ್ಲುವುದು, ಕೊನೆಗೆ ಇಳಿಯುವುದು. ಇದು ಎಷ್ಟು ವರ್ಷ ನಡೆಯುತ್ತದೆ ಎಂದು ಯಾರೂ ಮೊದಲೇ ತಾರೀಖು ಹಾಕಲಾರರು. ಪ್ರಾಜೆಕ್ಟಿನ ಹಂತಗಳನ್ನು ನಾವು ನಿಗದಿ ಮಾಡುತ್ತೇವೆ, ಪ್ರಾಡಕ್ಟಿನ ಹಂತಗಳನ್ನು ಗಿರಾಕಿ ನಿಗದಿ ಮಾಡುತ್ತಾನೆ.

ಹಣ ಹರಿಯುವ ದಿಕ್ಕೂ ತಿರುಗುಮುರುಗು. 34 ವಾರವೂ ಪ್ರಾಜೆಕ್ಟಿನಲ್ಲಿ ಹಣ ಹೋಗುತ್ತಲೇ ಇರುತ್ತದೆ, ಒಂದು ರೂಪಾಯಿಯೂ ಬರುವುದಿಲ್ಲ. ಆ 18 ಲಕ್ಷವನ್ನು ತೀರಿಸಬೇಕಾದದ್ದು ಪ್ರಾಡಕ್ಟ್.

ಕನ್ನಡದಲ್ಲಿ "ಯೋಜನೆ" ಅಂದ್ರೆ ಪ್ರಾಜೆಕ್ಟಾ, ಪ್ಲಾನಾ, ಸರ್ಕಾರದ ಸ್ಕೀಮಾ?

ಮೂರಕ್ಕೂ ಅದೇ ಪದ ಬಳಸುತ್ತೇವೆ, ತಕರಾರು ಅಲ್ಲೇ ಹುಟ್ಟುವುದು. ಸಭೆಯ ನಡಾವಳಿಯಲ್ಲಿ "ಯೋಜನೆ ಪೂರ್ಣಗೊಂಡಿದೆ" ಎಂದು ಬರೆದಿರುತ್ತದೆ. ಬರೆದವರ ಮನಸ್ಸಿನಲ್ಲಿದ್ದದ್ದು ಪ್ಲಾನ್ ಸಿದ್ಧವಾಯಿತು ಎಂದು, ಓದಿದವರು ಕಟ್ಟಡವೇ ಮುಗಿಯಿತು ಎಂದುಕೊಳ್ಳುತ್ತಾರೆ. ಆದ್ದರಿಂದ ಇಲ್ಲಿ ಕೆಲಸವನ್ನು ಪ್ರಾಜೆಕ್ಟ್ ಎಂದೂ, ಕಾಗದದ ಮೇಲಿನ ಲೆಕ್ಕಾಚಾರವನ್ನು ಪ್ಲಾನ್ ಎಂದೂ ಕರೆದಿದ್ದೇವೆ. ಶುದ್ಧ ಕನ್ನಡದ ಹಟಕ್ಕಿಂತ ಬಿಲ್ ಪಾಸ್ ಆಗುವಾಗ ಜಗಳ ಆಗದಿರುವುದು ಮುಖ್ಯ.

ಹಂತಗಳು ನಾಲ್ಕಾ, ಐದಾ, ಆರಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಸಂಖ್ಯೆಗೆ ಯಾವ ಕಾನೂನೂ ಇಲ್ಲ. ಗೊಂದಲಕ್ಕೆ ಕಾರಣ ಬೇರೆಯೇ ಇದೆ. ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್‌ನ ಕೈಪಿಡಿಗಳು ಪ್ರಚಾರಕ್ಕೆ ತಂದ ಐದು ಹೆಸರುಗಳು ಎಲ್ಲರ ಬಾಯಲ್ಲೂ ಇವೆ: ಆರಂಭ, ಪ್ಲಾನಿಂಗ್, ಕಾರ್ಯಗತ, ಮೇಲುಸ್ತುವಾರಿ ಮತ್ತು ನಿಯಂತ್ರಣ, ಮುಕ್ತಾಯ. ಆದರೆ ಇವು ಒಂದಾದ ಮೇಲೊಂದು ಬರುವ ಹಂತಗಳಲ್ಲ. ಪ್ರತಿ ಹಂತದ ಒಳಗೂ ನಡೆಯುವ ಕೆಲಸಗಳ ಗುಂಪುಗಳು. ಮೇಲುಸ್ತುವಾರಿ ಮೊದಲ ದಿನದಿಂದ ಕೊನೆಯ ದಿನದವರೆಗೂ ಇರುತ್ತದೆ. ಅದಕ್ಕೆಂದೇ ಒಂದು ಹಂತ ಎಂದು ಕ್ಯಾಲೆಂಡರಿನಲ್ಲಿ ಗೀಟು ಎಳೆಯಲಾಗದು.

ನಿಜವಾದ ಹಂತಗಳು ಕೆಲಸದ ಸ್ವಭಾವಕ್ಕೆ ತಕ್ಕಂತೆ ಬೀಳುತ್ತವೆ. ನಮ್ಮ ಘಟಕಕ್ಕೆ ಹೀಗೆ: ಐಡಿಯಾ 2 ವಾರ, ಸಾಧ್ಯತೆಯ ಅಧ್ಯಯನ 6 ವಾರ, ಪ್ಲಾನ್ ಮತ್ತು ವಿನ್ಯಾಸ 6 ವಾರ, ಕಾರ್ಯಗತ 14 ವಾರ, ಟ್ರಯಲ್ ಮತ್ತು ಹಸ್ತಾಂತರ 4 ವಾರ, ಕ್ಲೋಷರ್ 2 ವಾರ. ಪ್ರತಿ ಹಂತದ ಕೊನೆಯಲ್ಲಿ ಒಂದು ಬಾಗಿಲು ಇರಬೇಕು. ಮುಂದಿನ ಹಂತಕ್ಕೆ ಹಣ ಬಿಡುಗಡೆ ಮಾಡುವುದೋ, ತಿದ್ದಿ ತರಲು ಹೇಳುವುದೋ, ನಿಲ್ಲಿಸುವುದೋ ಎಂದು ಅಲ್ಲಿ ಯಾರೋ ಒಬ್ಬರು ಸಹಿ ಹಾಕಿ ಹೇಳಬೇಕು. ಬಾಗಿಲು ಇಲ್ಲದಿದ್ದರೆ ಹಂತಗಳ ಹೆಸರು ಬರೀ ಅಲಂಕಾರ.

## ಹಂತಗಳ ಒಳಗೆ

ಐಡಿಯಾ ಚೆನ್ನಾಗಿದೆ ಅಂತ ಎಲ್ಲರೂ ಹೇಳಿದ್ರು. ಮತ್ತೆ ಫೀಸಿಬಿಲಿಟಿ ಯಾಕೆ?

ಚೆನ್ನಾಗಿದೆ ಎಂದವರು ದೋಸೆ ತಿಂದು ಹೇಳಿದರು, ಬೆಲೆ ಕೇಳಿ ಹೇಳಲಿಲ್ಲ. ಸಾಧ್ಯತೆಯ ಅಧ್ಯಯನದ ತಿರುಳು ಬೆಲೆಯಿಂದ ಹಿಂದಕ್ಕೆ ಬರುವ ಲೆಕ್ಕ. ತೆರಿಗೆ ಬದಿಗಿಟ್ಟು ನೋಡೋಣ.

ಪ್ಯಾಕೆಟ್ಟನ್ನು ಗಿರಾಕಿ 120 ರೂಪಾಯಿಗೆ ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಅಂಗಡಿಯವರ ಪಾಲು 24, ವಿತರಕರ ಪಾಲು 10. ಘಟಕಕ್ಕೆ ಬರುವುದು 86. ರಾಗಿ, ಅಕ್ಕಿ, ಉದ್ದು, ಮೆಂತ್ಯ, ಉಪ್ಪು ಸೇರಿ 38, ಪೌಚ್ ಮತ್ತು ರಟ್ಟಿನ ಪೆಟ್ಟಿಗೆಗೆ 7, ಸಾಗಾಟಕ್ಕೆ 5, ವಾಪಸ್ ಬರುವ ಮಾಲು ಮತ್ತು ಸ್ಯಾಂಪಲ್‌ಗೆ 4. ಇವನ್ನೆಲ್ಲ ಕಳೆದರೆ ಪ್ಯಾಕೆಟ್ಟಿಗೆ 32 ರೂಪಾಯಿ ಉಳಿಯುತ್ತದೆ.

ಮಾಲು ಮಾರಿದರೂ ಮಾರದಿದ್ದರೂ ತಿಂಗಳಿಗೆ ಬಾಡಿಗೆ, ಸಂಬಳ, ಕರೆಂಟಿನ ಕನಿಷ್ಠ ಬಿಲ್ ಎಲ್ಲ ಸೇರಿ 96,000 ಎಂದಾದರೆ, 96,000 ಭಾಗಿಸು 32, ಅಂದರೆ 3,000 ಪ್ಯಾಕೆಟ್ ಹೋದರೆ ನಷ್ಟವಿಲ್ಲ. ತಿಂಗಳಿಗೆ 25 ದಿನದ ಕೆಲಸ ಹಿಡಿದರೆ ದಿನಕ್ಕೆ 120. 5,000 ಮಾರಿದರೆ ಮೇಲಿನ 2,000 ಪ್ಯಾಕೆಟ್‌ನಿಂದ 64,000 ಉಳಿಯುತ್ತದೆ. 18 ಲಕ್ಷ ವಾಪಸ್ ಬರಲು ಸುಮಾರು 28 ತಿಂಗಳು, ಅದೂ ಬಡ್ಡಿ ಲೆಕ್ಕಕ್ಕೆ ತೆಗೆದುಕೊಳ್ಳದೆ.

ಈಗ ಕೇಳಬೇಕಾದ ಪ್ರಶ್ನೆ ಒಂದೇ: ನಾವು ಮುಟ್ಟಬಲ್ಲ ಅಂಗಡಿಗಳಲ್ಲಿ ತಿಂಗಳಿಗೆ 5,000 ಹೋಗುತ್ತದೆಯೆ, ಅದು ಎರಡೂವರೆ ವರ್ಷ ನಿಲ್ಲುತ್ತದೆಯೆ? ಇದು ಪ್ರಾಡಕ್ಟ್ ಲೈಫ್ ಸೈಕಲ್‌ನ ಪ್ರಶ್ನೆ. ಉತ್ತರ ಬೇಕಾಗಿರುವುದು ಮಾತ್ರ ಪ್ರಾಜೆಕ್ಟಿನ ಎರಡನೇ ತಿಂಗಳಲ್ಲಿ. ಹಿಟ್ಟಿನ ಗಿರಣಿಯೊಂದನ್ನು ದಿನದ ಬಾಡಿಗೆಗೆ ಹಿಡಿದು 300 ಪ್ಯಾಕೆಟ್ ಮಾಡಿಸಿ, ಹತ್ತಿಪ್ಪತ್ತು ಅಂಗಡಿಗೆ ಕೊಟ್ಟು, ಎರಡನೇ ಸಲ ಯಾರು ಕೇಳಿದರು ಎಂದು ನೋಡುವುದು ಈ ಹಂತದ ಅಸಲಿ ಕೆಲಸ. ಮೊದಲ ಸಲ ಕೊಂಡವರು ಕುತೂಹಲಕ್ಕೆ ಕೊಂಡಿರುತ್ತಾರೆ, ಅವರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ಲಾನ್ ಮಾಡ್ತಾ ಕೂತ್ರೆ ಟೈಮ್ ವೇಸ್ಟ್ ಅಲ್ವಾ? ಮೆಷಿನ್ ಆರ್ಡರ್ ಮಾಡಿ ಶುರು ಮಾಡಿಬಿಡಬಾರದಾ?

ಕಣ್ಣಿಗೆ ಕಾಣುವುದು ಮೆಷಿನ್ ಆದ್ದರಿಂದ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ನಮ್ಮ ಪ್ರಾಜೆಕ್ಟನ್ನು ತಡಮಾಡುವುದು ಮೆಷಿನ್ ಅಲ್ಲ, ಬಾಳಿಕೆಯ ಪರೀಕ್ಷೆ.

ಪ್ಯಾಕೆಟ್ ಮೇಲೆ "ಇಷ್ಟು ತಿಂಗಳೊಳಗೆ ಬಳಸಿ" ಎಂದು ಬರೆಯಬೇಕು. ಆರು ತಿಂಗಳು ಎಂದು ಬರೆಯಲು ಆಧಾರ ಬೇಕು. ಆರು ತಿಂಗಳು ಕಾಯುವ ಬದಲು ಪ್ರಯೋಗಾಲಯದಲ್ಲಿ ಹೆಚ್ಚು ಬಿಸಿ, ಹೆಚ್ಚು ತೇವದಲ್ಲಿ ಪೌಚನ್ನು ಇಟ್ಟು ಬೇಗ ಕೆಡುವಂತೆ ಮಾಡಿ ನೋಡುತ್ತಾರೆ. ಸಾಮಾನ್ಯವಾಗಿ 38 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 90ರ ಆರ್ದ್ರತೆ. ಇದಕ್ಕೂ ವಾರಗಟ್ಟಲೆ ಬೇಕು, ನಮ್ಮ ಪ್ಲಾನಿನಲ್ಲಿ 8 ವಾರ ಇಟ್ಟಿದ್ದೇವೆ. ಪಕ್ಕದಲ್ಲೇ ಮಾಮೂಲಿ ಕಪಾಟಿನಲ್ಲೂ ಒಂದಷ್ಟು ಪೌಚ್ ಇಟ್ಟಿರಬೇಕು, ಬೇಗ ಮಾಡಿದ ಪರೀಕ್ಷೆ ಹೇಳಿದ್ದು ನಿಜವೇ ಎಂದು ಆಮೇಲೆ ತಾಳೆ ನೋಡಲು.

ಇಲ್ಲಿ ಒಂದು ಗಂಟು ಇದೆ. ಪರೀಕ್ಷೆಗೆ ಹೋಗುವ ಮೊದಲು ಪಾಕವಿಧಾನವೂ ಪೌಚಿನ ಪದರವೂ ಅಂತಿಮವಾಗಿರಬೇಕು. ಹುರಿಯುವ ಹದ ಬದಲಾದರೆ, ಪೌಚ್ ತೆಳುವಾದರೆ, ಪರೀಕ್ಷೆ ಮೊದಲಿನಿಂದ. ಪಾಕವನ್ನು ಮೊದಲೇ ಗಟ್ಟಿಮಾಡಿಕೊಂಡವರು ಬಾಡಿಗೆ ಗಿರಣಿಯ ಸ್ಯಾಂಪಲ್‌ನಿಂದಲೇ 9ನೇ ವಾರ ಪರೀಕ್ಷೆ ಶುರುಮಾಡಿ, ಮೆಷಿನ್ ಬರುವ ಹೊತ್ತಿಗೆ ವರದಿ ಕೈಯಲ್ಲಿಟ್ಟುಕೊಂಡಿರುತ್ತಾರೆ. ಮೆಷಿನ್ ಬಂದ ಮೇಲೆ ನೋಡೋಣ ಎಂದವರ ಘಟಕ ಎರಡು ತಿಂಗಳು ಸುಮ್ಮನೆ ನಿಲ್ಲುತ್ತದೆ. ತಿಂಗಳಿಗೆ 96,000ದಂತೆ 1.92 ಲಕ್ಷ ನೀರಿಗೆ.

ಎರಡನೇ ಅಡ್ಡಿ ಕರೆಂಟ್. 10 ಎಚ್‌ಪಿ ಪಲ್ವರೈಸರ್‌ಗೇ ಸುಮಾರು 7.5 ಕಿಲೋವ್ಯಾಟ್ ಬೇಕು. ಹುರಿಯುವ ಯಂತ್ರ, ಪ್ಯಾಕಿಂಗ್ ಯಂತ್ರ ಸೇರಿದರೆ ಇನ್ನೂ ಹೆಚ್ಚು. ಮೂರು ಫೇಸ್ ಮಂಜೂರಾತಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ಲೋಡ್ ಇದೆಯೇ ಎಂಬ ಖಾತರಿ, ಇವಕ್ಕೆ ಅರ್ಜಿ ಹೋಗಬೇಕಾದದ್ದು ಶೆಡ್ಡಿನ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು. ಪ್ಲಾನ್ ಎಂದರೆ ಬಣ್ಣದ ಚಾರ್ಟ್ ಅಲ್ಲ. ಯಾವ ಕೆಲಸ ಯಾವುದಕ್ಕೆ ಕಾಯುತ್ತದೆ ಎಂದು ಕಂಡುಕೊಳ್ಳುವುದು ಅದರ ಕೆಲಸ.

500 ಗ್ರಾಂ ಬದಲು 1 ಕೆಜಿ ಮಾಡಿ ಅಂದಿದ್ದಕ್ಕೆ ಇಷ್ಟು ರಾದ್ಧಾಂತ ಯಾಕೆ? ಸಣ್ಣ ಬದಲಾವಣೆ ತಾನೆ?

ಯಾವಾಗ ಹೇಳಿದಿರಿ ಎನ್ನುವುದರ ಮೇಲಿದೆ. ಐಡಿಯಾ ಹಂತದಲ್ಲಿ ಹೇಳಿದ್ದರೆ ಒಂದು ಅಂಕಿಯನ್ನು ಅಳಿಸಿ ಇನ್ನೊಂದು ಬರೆಯುವಷ್ಟು ಕೆಲಸ. 20ನೇ ವಾರದಲ್ಲಿ ಹೇಳಿದರೆ ಆಗುವುದು ಬೇರೆ.

ಬಣ್ಣದ ಪೌಚ್ ಹೆಚ್ಚಾಗಿ ಗ್ರಾವ್ಯೂರ್ ವಿಧಾನದಲ್ಲಿ ಮುದ್ರಣವಾಗುತ್ತದೆ. ಇದರಲ್ಲಿ ಪ್ರತಿ ಬಣ್ಣಕ್ಕೂ ಬೇರೆಯೇ ಕೊರೆದ ಸಿಲಿಂಡರ್ ಬೇಕು. ಆರು ಬಣ್ಣದ ವಿನ್ಯಾಸಕ್ಕೆ ಆರು ಸಿಲಿಂಡರ್. ಪೌಚಿನ ಅಳತೆ ಬದಲಾದರೆ ಹಳೆಯ ಆರೂ ಗುಜರಿಗೆ. ಮುದ್ರಕರು ಕನಿಷ್ಠ ಇಷ್ಟು ಕೆಜಿ ಫಿಲ್ಮ್ ಎಂದು ಆರ್ಡರ್ ಹಿಡಿಯುವುದರಿಂದ ಈಗಾಗಲೇ ಅಚ್ಚಾದ ರೋಲ್‌ಗಳೂ ಉಳಿಯುತ್ತವೆ. ಪ್ಯಾಕಿಂಗ್ ಯಂತ್ರದಲ್ಲಿ ಫಿಲ್ಮನ್ನು ಕೊಳವೆಯಾಗಿ ಮಡಚುವ ಕಾಲರ್ ಪೌಚಿನ ಅಗಲಕ್ಕೆ ಮಾಡಿದ್ದು, ಅದೂ ಹೊಸದು ಬೇಕು. ರಟ್ಟಿನ ಪೆಟ್ಟಿಗೆಯ ಅಳತೆ, ಲೇಬಲ್ಲಿನ ತೂಕ ಮತ್ತು ಬೆಲೆ, ಎಲ್ಲ ಬದಲು.

ಇಂಥ ಬೇಡಿಕೆಗೆ ಬೇಡ ಎನ್ನಬೇಕಿಲ್ಲ. ಒಂದು ಹಾಳೆಯಲ್ಲಿ ಏನು ಬದಲಾವಣೆ, ಎಷ್ಟು ಹಣ, ಎಷ್ಟು ವಾರ ಎಂದು ಬರೆದು, ಹಣ ಕೊಡುವವರ ಸಹಿ ತೆಗೆದುಕೊಂಡರೆ ಸಾಕು. ಹಾಳೆ ನೋಡಿದ ಮೇಲೆ ಬಹಳ ಬೇಡಿಕೆಗಳು ತಾವಾಗಿಯೇ ತಣ್ಣಗಾಗುತ್ತವೆ. 1 ಕೆಜಿ ಪ್ಯಾಕ್ ನಿಜಕ್ಕೂ ಬೇಕಿದ್ದರೆ, ಮೊದಲನೆಯದು ಮಾರುಕಟ್ಟೆಗೆ ಬಂದ ಮೇಲೆ ಅದನ್ನೇ ಇನ್ನೊಂದು ಸಣ್ಣ ಪ್ರಾಜೆಕ್ಟಾಗಿ ಮಾಡುವುದು ವಾಸಿ.

20ನೇ ವಾರಕ್ಕೆ 9 ಲಕ್ಷ ಖರ್ಚಾಗಬೇಕಿತ್ತು, 9 ಲಕ್ಷವೇ ಆಗಿದೆ. ಎಲ್ಲ ಸರಿಯಿದೆ ಅಂತ ತಾನೆ ಅರ್ಥ?

ಖರ್ಚು ನೋಡಿದರೆ ಖರ್ಚು ಮಾತ್ರ ಗೊತ್ತಾಗುತ್ತದೆ. ಕೆಲಸ ಎಷ್ಟಾಗಿದೆ ಎಂಬ ಮೂರನೇ ಅಂಕಿ ಬೇಕು. ಬಜೆಟ್ಟಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಮೊತ್ತ ಇದೆಯಲ್ಲ, ಮುಗಿದ ಕೆಲಸಗಳ ಆ ಮೊತ್ತಗಳನ್ನು ಕೂಡಿ. ಅದು 7.2 ಲಕ್ಷ ಬಂತು ಎಂದಿಟ್ಟುಕೊಳ್ಳಿ. ಸಮಯದ ಸೂಚ್ಯಂಕವನ್ನು SPI, ಖರ್ಚಿನ ಸೂಚ್ಯಂಕವನ್ನು CPI, ಕೊನೆಗೆ ಆಗಬಹುದಾದ ಒಟ್ಟು ಖರ್ಚಿನ ಅಂದಾಜನ್ನು EAC ಎನ್ನುತ್ತಾರೆ. ಆಗ ಲೆಕ್ಕ ಲಕ್ಷ ರೂಪಾಯಿಗಳಲ್ಲಿ ಹೀಗೆ:

```
SPI = 7.2 / 9 = 0.8
CPI = 7.2 / 9 = 0.8
EAC = 18 / 0.8 = 22.5
```

ಮೊದಲ ಸಾಲಿನ 9 ಆ ದಿನಕ್ಕೆ ಪ್ಲಾನ್ ಮಾಡಿದ್ದ ಕೆಲಸದ ಬೆಲೆ, ಎರಡನೇ ಸಾಲಿನ 9 ನಿಜವಾಗಿ ಖರ್ಚಾದ ಹಣ. ಇಲ್ಲಿ ಎರಡೂ ಒಂದೇ ಆಗಿದ್ದೇ ಕಣ್ಣಿಗೆ ಮಣ್ಣೆರಚಿದ್ದು. ಒಂದು ರೂಪಾಯಿ ಕೊಟ್ಟು 80 ಪೈಸೆಯ ಕೆಲಸ ಪಡೆಯುತ್ತಿದ್ದೀರಿ, ಹೀಗೇ ಹೋದರೆ 18 ಲಕ್ಷದ್ದು 22.5 ಲಕ್ಷಕ್ಕೆ ನಿಲ್ಲುತ್ತದೆ ಎಂದು ಮೂರನೇ ಸಾಲು ಹೇಳುತ್ತದೆ.

ಎಚ್ಚರಿಕೆ ಒಂದಿದೆ. "ವೈರಿಂಗ್ ಶೇ 90 ಆಗಿದೆ" ಎಂಬ ಮಾತನ್ನು ಅಂಕಿಯಾಗಿ ತೆಗೆದುಕೊಂಡರೆ ಈ ಲೆಕ್ಕ ಕೆಟ್ಟಿತು. ಆ ಶೇ 90 ವಾರಗಟ್ಟಲೆ ಶೇ 90 ಆಗಿಯೇ ಇರುತ್ತದೆ. ಸಣ್ಣ ಪ್ರಾಜೆಕ್ಟಿಗೆ ಸರಳ ನಿಯಮ ಸಾಕು: ಕೆಲಸ ಪೂರ್ತಿ ಮುಗಿದಿದ್ದರೆ ಪೂರ್ತಿ ಮೊತ್ತ, ಇಲ್ಲದಿದ್ದರೆ ಸೊನ್ನೆ.

ಮೆಷಿನ್ ಓಡ್ತಿದೆ, ಮಾಲು ಬರ್ತಿದೆ. ಇನ್ನು ಕ್ಲೋಸ್ ಮಾಡೋಕೆ ಏನಿದೆ?

ಇರುವುದೆಲ್ಲ ಇಲ್ಲೇ ಇದೆ. ಸಣ್ಣ ಘಟಕಗಳಲ್ಲಿ ಅತ್ಯಂತ ಕೆಟ್ಟದಾಗಿ ನಡೆಯುವ ಹಂತ ಇದು, ಏಕೆಂದರೆ ಎಲ್ಲರ ಗಮನ ಆಗಲೇ ಮಾರಾಟದ ಕಡೆ ಹೊರಟಿರುತ್ತದೆ.

ಮೊದಲು ಹಸ್ತಾಂತರ. "ಓಡುತ್ತಿದೆ" ಎಂಬುದಕ್ಕೆ ಅಳತೆ ಬೇಕು, ಅದನ್ನು ಪ್ಲಾನ್ ಹಂತದಲ್ಲೇ ಬರೆದಿಟ್ಟಿರಬೇಕು. ನಮ್ಮ ಉದಾಹರಣೆಯಲ್ಲಿ: ಘಟಕದ ಸ್ವಂತ ಕೆಲಸಗಾರರೇ ಸತತ ಮೂರು ದಿನ ದಿನಕ್ಕೆ 200 ಪ್ಯಾಕೆಟ್ ತೆಗೆಯಬೇಕು, ಪ್ರಾಜೆಕ್ಟ್ ತಂಡದವರು ಯಂತ್ರ ಮುಟ್ಟಬಾರದು. ದಿನಕ್ಕೆ 20 ಪ್ಯಾಕೆಟ್ ತೂಗಿದರೆ ಸರಾಸರಿ 500 ಗ್ರಾಂಗಿಂತ ಕಡಿಮೆ ಇರಬಾರದು. ಹತ್ತು ಪೌಚನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಒತ್ತಿದರೆ ಸೀಲಿನಿಂದ ಗುಳ್ಳೆ ಏಳಬಾರದು. ಈ ಕೊನೆಯದು ಪುಕ್ಕಟೆ ಪರೀಕ್ಷೆ, ಆದರೂ ಬಹಳ ಜನ ಮಾಡುವುದಿಲ್ಲ. ಎರಡು ತಿಂಗಳ ನಂತರ ಅಂಗಡಿಯಿಂದ ಗಂಟುಗಂಟಾದ, ಕಮಟು ವಾಸನೆಯ ಹಿಟ್ಟು ವಾಪಸ್ ಬಂದಾಗ ಪಾಕವನ್ನು ಬೈಯುತ್ತಾರೆ. ಹುಡುಕಿದರೆ ತಪ್ಪು ಎಷ್ಟೋ ಸಲ ಸೀಲಿನ ಬಿಸಿಯಲ್ಲಿರುತ್ತದೆ. ಸೀಲಿನ ಗೆರೆಯಲ್ಲಿ ಹಿಟ್ಟಿನ ಧೂಳು ಸಿಕ್ಕಿಕೊಂಡರೂ ಹೀಗೇ ಸೋರುತ್ತದೆ.

ಆಮೇಲೆ ಕಾಗದ. ಹುರಿಯುವ ಉಷ್ಣತೆ ಮತ್ತು ಸಮಯ, ಜರಡಿಯ ಕಣ್ಣಿನ ಅಳತೆ, ಸೀಲಿನ ಉಷ್ಣತೆ, ಬದಲಿ ಬಿಡಿಭಾಗಗಳ ಪಟ್ಟಿ, ಗ್ಯಾರಂಟಿ ಮುಗಿಯುವ ತಾರೀಖು, ವೈರಿಂಗ್ ನಿಜವಾಗಿ ಹೇಗೆ ಆಯಿತೋ ಹಾಗೆ ಬಿಡಿಸಿದ ನಕ್ಷೆ. ಮೊದಲು ಬಿಡಿಸಿದ ನಕ್ಷೆ ಸಾಲದು, ಕೆಲಸ ನಡೆಯುವಾಗ ಎಲೆಕ್ಟ್ರಿಷಿಯನ್ ಅದನ್ನು ಹತ್ತು ಕಡೆ ಬದಲಿಸಿರುತ್ತಾರೆ.

ಕೊನೆಗೆ ಹಣ. ಗುತ್ತಿಗೆದಾರರಿಂದ ಹಿಡಿದಿಟ್ಟ ಶೇ 5 ಅಥವಾ 10ರ ಮೊತ್ತವನ್ನು ಯಾವಾಗ ಬಿಡುವುದು, ಬಾಕಿ ಬಿಲ್ ಯಾವುವು, ಉಳಿದ ಹಣ ಎಲ್ಲಿಗೆ ಎಂದು ತೀರ್ಮಾನಿಸಿ ಪ್ರಾಜೆಕ್ಟ್ ಖಾತೆಯನ್ನು ಮುಚ್ಚಬೇಕು. ಮುಚ್ಚದಿದ್ದರೆ ಒಂದು ವರ್ಷದ ಮೇಲೂ ಬೆಲ್ಟ್ ಬದಲಿಸಿದ ಖರ್ಚು ಪ್ರಾಜೆಕ್ಟಿನ ತಲೆಗೇ ಬೀಳುತ್ತದೆ. ಆಗ ಪ್ಯಾಕೆಟ್ಟಿನ ನಿಜವಾದ ವೆಚ್ಚ ಯಾರಿಗೂ ತಿಳಿಯದು. ಪ್ರಾಜೆಕ್ಟ್ ನಡೆಸಿದವರಿಗೆ ರಾತ್ರಿ ಹನ್ನೊಂದಕ್ಕೆ "ಸಾರ್, ಮೆಷಿನ್ ನಿಂತೋಯ್ತು" ಎಂದು ಫೋನ್ ಬರುತ್ತಲೇ ಇದ್ದರೆ ಕ್ಲೋಷರ್ ಆಗಿಲ್ಲ ಎಂದೇ ಅರ್ಥ.

ಮಧ್ಯಕ್ಕೇ ನಿಲ್ಲಿಸಿದ ಪ್ರಾಜೆಕ್ಟ್‌ಗೂ ಕ್ಲೋಷರ್ ಬೇಕಾ?

ಅದಕ್ಕೇ ಹೆಚ್ಚು ಬೇಕು. ಮುಂಗಡ ಕೊಟ್ಟ ಆರ್ಡರ್, ಬಾಡಿಗೆ ಕರಾರು, ಸಾಲದ ಕಂತು ಇವು ತಾವಾಗಿ ನಿಲ್ಲುವುದಿಲ್ಲ. ಯಾವ ತಾರೀಖಿಗೆ ಯಾವ ಕಾರಣಕ್ಕೆ ನಿಲ್ಲಿಸಿದೆವು ಎಂದು ಬರೆದು ಸಹಿ ಮಾಡಿಡಿ. ಇಲ್ಲದಿದ್ದರೆ ಎರಡು ವರ್ಷದ ಮೇಲೆ ಇನ್ನೊಬ್ಬರು ಅದೇ ಐಡಿಯಾ ಹಿಡಿದು ಅದೇ ಗುಂಡಿಗೆ ಬೀಳುತ್ತಾರೆ.

## ಎರಡು ಚಕ್ರಗಳನ್ನು ಪಕ್ಕಪಕ್ಕ ಇಟ್ಟು

ಮೊದಲ ಮೂರು ತಿಂಗಳು ಆರ್ಡರ್ ಭರ್ಜರಿ, ನಾಲ್ಕನೇ ತಿಂಗಳು ದಬಕ್ ಅಂತ ಬಿತ್ತು. ಇಷ್ಟು ಬೇಗ ಡಿಕ್ಲೈನಾ?

ಅಲ್ಲ, ನೀವಿನ್ನೂ ಪರಿಚಯದ ಹಂತದಲ್ಲೇ ಇದ್ದೀರಿ. ಪ್ರಾಡಕ್ಟಿನ ಹಂತಗಳನ್ನು ಪರಿಚಯ, ಬೆಳವಣಿಗೆ, ಪ್ರೌಢ, ಇಳಿಮುಖ ಎಂದು ನಾಲ್ಕಾಗಿ ಹೇಳುವುದು ವಾಡಿಕೆ. ಈ ಗೆರೆಯನ್ನು ಗಿರಾಕಿ ಕೊಂಡ ಮಾಲಿನಿಂದ ಎಳೆಯಬೇಕು, ಘಟಕದಿಂದ ಹೊರಟ ಮಾಲಿನಿಂದಲ್ಲ.

ವಿತರಕರು 400 ಅಂಗಡಿಗೆ ಹತ್ತತ್ತು ಪ್ಯಾಕೆಟ್ ಇಟ್ಟರೆ 4,000 ಪ್ಯಾಕೆಟ್ ಹೋಯಿತು. ಅವರ ಗೋದಾಮಿನಲ್ಲಿ ಇನ್ನೊಂದು 2,000. ಘಟಕದ ಪುಸ್ತಕದಲ್ಲಿ 6,000 ಮಾರಾಟ, ಆದರೆ ಆ ಹೊತ್ತಿಗೆ ಯಾರ ಮನೆಯಲ್ಲೂ ದೋಸೆ ಹುಯ್ದಿಲ್ಲ. ಅದು ಕಪಾಟು ತುಂಬಿದ ಲೆಕ್ಕ. ಕಪಾಟು ತುಂಬಿದ ಮೇಲೆ ಆರ್ಡರ್ ಬೀಳಲೇಬೇಕು.

ಇಲ್ಲಿ ಎರಡು ತಪ್ಪು ನಡೆಯುತ್ತವೆ. ಏರಿದಾಗ ಎರಡನೇ ಪ್ಯಾಕಿಂಗ್ ಯಂತ್ರಕ್ಕೆ ಆರ್ಡರ್ ಕೊಟ್ಟುಬಿಡುತ್ತಾರೆ, ಬಿದ್ದಾಗ ಹೆದರಿ ಬೆಲೆ ಇಳಿಸುತ್ತಾರೆ. ಎರಡನ್ನೂ ಮಾಡುವ ಮೊದಲು 20 ಅಂಗಡಿಗಳಲ್ಲಿ ವಾರಕ್ಕೊಮ್ಮೆ ಕಪಾಟಿನ ಪ್ಯಾಕೆಟ್ ಎಣಿಸಿ. ಇಟ್ಟ ಹತ್ತರಲ್ಲಿ ವಾರಕ್ಕೆ ಮೂರು ಹೋದರೆ 400 ಅಂಗಡಿಗೆ ತಿಂಗಳಿಗೆ ಸುಮಾರು 5,000 ಆಯಿತು, ಗುರಿ ಮುಟ್ಟಿದಿರಿ. ವಾರಕ್ಕೆ ಒಂದು ಮಾತ್ರ ಹೋಗುತ್ತಿದ್ದರೆ 1,700ರ ಸುಮಾರು, ನಷ್ಟವಿಲ್ಲದ ಗೆರೆಗೂ ತುಂಬ ಕೆಳಗೆ.

ನಿಜವಾದ ಇಳಿಮುಖ ಅಂತ ಗೊತ್ತಾಗೋದು ಹೇಗೆ?

ಹಿಂದಿನ ತಿಂಗಳಿಗೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿ. ಹಬ್ಬ, ರಜೆ, ಮಳೆಗಾಲದ ಏರಿಳಿತ ಆಗ ಕಳಚಿಕೊಳ್ಳುತ್ತದೆ. ಅವಧಿ ಮೀರಿ ವಾಪಸ್ ಬರುವ ಪ್ಯಾಕೆಟ್‌ಗಳನ್ನೂ ನೋಡಿ. ಮಾರಾಟದ ಅಂಕಿಗಿಂತ ಮೊದಲೇ ಸುದ್ದಿ ಹೇಳುವುದು ಅವು.

ದೊಡ್ಡ ಉದಾಹರಣೆ ನಮ್ಮಲ್ಲೇ ಇದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಬಂತು. ಪ್ರಾಜೆಕ್ಟಾಗಿ ಅದು ಮುಗಿದ ಮೇಲೆ ಗಡಿಯಾರದ ಆಯಸ್ಸು ದಶಕಗಟ್ಟಲೆ ನಡೆಯಿತು. ಕೀಲಿ ಕೊಡುವ ಎಚ್‌ಎಂಟಿ ಮದುವೆಯ ಉಡುಗೊರೆಯಾಗಿತ್ತು, ಬೇಡಿಕೆಗೆ ತಕ್ಕಂತೆ ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. 1984ರಲ್ಲಿ ಟೈಟಾನ್ ಕಂಪನಿ ಸ್ಥಾಪನೆಯಾಗಿ ಕ್ವಾರ್ಟ್ಜ್ ಗಡಿಯಾರಗಳನ್ನು ಅಂಗಡಿಯ ಮುಂದಿನ ಸಾಲಿಗೆ ತಂದಿತು. ಕ್ವಾರ್ಟ್ಜ್ ಗಡಿಯಾರವನ್ನು ಎಚ್‌ಎಂಟಿಯೂ ಮಾಡಿತ್ತು, ತಂತ್ರಜ್ಞಾನ ಗೊತ್ತಿರಲಿಲ್ಲ ಎಂದಲ್ಲ. ಅದರ ಕಾರ್ಖಾನೆಗಳೂ ಕೈಗಳೂ ಮುಖ್ಯವಾಗಿ ಕೀಲಿ ಗಡಿಯಾರಕ್ಕೆ ಹೊಂದಿಕೊಂಡಿದ್ದವು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು.

ಕೀಲಿ ಗಡಿಯಾರದ ಇಳಿಮುಖ ಶುರುವಾದದ್ದಕ್ಕೂ ಮುಚ್ಚುವ ಆದೇಶಕ್ಕೂ ನಡುವೆ ಎಷ್ಟು ವರ್ಷ ಹೋಯಿತು ನೋಡಿ. ಪ್ರೌಢ ಹಂತದಲ್ಲಿ ಮಾರಾಟ ಚೆನ್ನಾಗಿರುವಾಗಲೇ ಮುಂದಿನ ಪ್ರಾಡಕ್ಟಿಗಾಗಿ ಹೊಸ ಪ್ರಾಜೆಕ್ಟ್ ಹುಟ್ಟಬೇಕು. ಅದಕ್ಕೆ ಹಣ ಇರುವುದೂ ಆಗಲೇ.

ಪ್ರಾಜೆಕ್ಟ್ ಚೆನ್ನಾಗಿ ನಡೆದು ಪ್ರಾಡಕ್ಟ್ ಸೋಲೋದು, ಅಥವಾ ಉಲ್ಟಾ, ಹಾಗೆ ಆಗುತ್ತಾ?

ಎರಡೂ ಆಗಿವೆ. ಸಿಡ್ನಿಯ ಆಪೆರಾ ಹೌಸ್‌ಗೆ ಮೊದಲು ಹಾಕಿದ ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್, ಮುಗಿಯಬೇಕಿದ್ದದ್ದು 1963ಕ್ಕೆ. ಬಾಗಿಲು ತೆರೆದದ್ದು 1973ರಲ್ಲಿ, ಖರ್ಚು 10.2 ಕೋಟಿ ಡಾಲರ್. ಪ್ರಾಜೆಕ್ಟಿನ ಯಾವ ಅಳತೆಗೋಲಿನಲ್ಲೂ ಅದು ನಪಾಸು. ಕಟ್ಟಡ ಮಾತ್ರ ಇವತ್ತಿಗೂ ಆ ಊರಿನ ಗುರುತು.

ಇರಿಡಿಯಂ ಎಂಬ ಉಪಗ್ರಹ ಫೋನ್ ಕಂಪನಿಯ ಕಥೆ ಇದಕ್ಕೆ ತದ್ವಿರುದ್ಧ. ಭೂಮಿಯ ಯಾವ ಮೂಲೆಯಿಂದಲಾದರೂ ಮಾತಾಡುವ ಫೋನಿಗಾಗಿ 66 ಉಪಗ್ರಹಗಳ ಜಾಲವನ್ನು ಆಕಾಶದಲ್ಲಿ ನಿಲ್ಲಿಸಿ 1998ರ ನವೆಂಬರಿನಲ್ಲಿ ಸೇವೆ ಶುರುಮಾಡಿದರು. ಎಂಜಿನಿಯರಿಂಗ್ ದೃಷ್ಟಿಯಿಂದ ದೊಡ್ಡ ಸಾಧನೆ. 1999ರ ಆಗಸ್ಟಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಫೋನ್ ದಪ್ಪ, ದುಬಾರಿ, ಕಟ್ಟಡದೊಳಗೆ ಸರಿಯಾಗಿ ಕೇಳಿಸದು. ಅಷ್ಟರಲ್ಲಿ ಮಾಮೂಲಿ ಮೊಬೈಲ್ ಜಾಲ ಊರೂರಿಗೆ ಹಬ್ಬಿತ್ತು. ಹತ್ತು ವರ್ಷ ಹಿಂದಿನ ಫೀಸಿಬಿಲಿಟಿ ಲೆಕ್ಕವನ್ನು ದಾರಿಯಲ್ಲಿನ ಬಾಗಿಲುಗಳಲ್ಲಿ ಯಾರೂ ಗಟ್ಟಿಯಾಗಿ ಮರಳಿ ಕೇಳದಿದ್ದರೆ ಹೀಗಾಗುತ್ತದೆ. "ಕೆಲಸ ಪ್ಲಾನಿನಂತೆ ನಡೆದಿದೆಯೇ" ಎನ್ನುವುದರ ಜೊತೆಗೆ "ಈಗಲೂ ಇದು ಬೇಕೇ" ಎಂದೂ ಪ್ರತಿ ಬಾಗಿಲಲ್ಲಿ ಕೇಳಬೇಕು.

ಸಾಫ್ಟ್‌ವೇರ್‌ನಲ್ಲಿ ಪ್ರತಿ ವಾರ ಹೊಸ ಆವೃತ್ತಿ ಬರುತ್ತೆ. ಅಲ್ಲಿ ಪ್ರಾಜೆಕ್ಟ್ ಮುಗಿಯೋದು ಎಲ್ಲಿ?

ಅಲ್ಲಿ ಬಹಳ ಕಡೆ ಪ್ರಾಜೆಕ್ಟ್ ಎಂಬ ಚೌಕಟ್ಟನ್ನೇ ಬಿಟ್ಟಿದ್ದಾರೆ. ಒಂದು ಖಾಯಂ ತಂಡ, ವರ್ಷದ ಬಜೆಟ್, ಪ್ರಾಡಕ್ಟ್ ಇರುವವರೆಗೆ ಕೆಲಸ. ಇದು ತಪ್ಪಲ್ಲ. ಆದರೆ ಕೊನೆಯ ತಾರೀಖು ಇಲ್ಲದ ಕಡೆ ನಿಲ್ಲಿಸುವ ನಿರ್ಧಾರವನ್ನು ಯಾರಾದರೂ ಬೇಕೆಂದೇ ತೆಗೆದುಕೊಳ್ಳಬೇಕಾಗುತ್ತದೆ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂತು, ಅದರ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ತಾರೀಖು ಮೊದಲೇ ಗೊತ್ತಿದ್ದರೂ ಆ ದಿನ ಎಷ್ಟೋ ಕಚೇರಿಗಳಲ್ಲಿ ಅದೇ ಓಡುತ್ತಿತ್ತು.

ಪ್ರಾಡಕ್ಟ್ ನಿಲ್ಲಿಸೋದು ಕೂಡ ಒಂದು ಪ್ರಾಜೆಕ್ಟಾ?

ಹೌದು. ಒಂದು ಪ್ರಾಡಕ್ಟಿನ ಆಯಸ್ಸಿನಲ್ಲಿ ಹಲವು ಪ್ರಾಜೆಕ್ಟ್ ಬಂದುಹೋಗುತ್ತವೆ. ಘಟಕ ನಿಲ್ಲಿಸಿದ್ದು ಒಂದು, 1 ಕೆಜಿ ಪ್ಯಾಕ್ ಇನ್ನೊಂದು, ಎರಡನೇ ಯಂತ್ರ ಮತ್ತೊಂದು, ಹಿಂತೆಗೆತ ಕೊನೆಯದು. ಹಿಂತೆಗೆತಕ್ಕೂ ಬಜೆಟ್, ತಾರೀಖು, ಹೊಣೆಗಾರರು ಬೇಕು.

ಲೆಕ್ಕ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಗೋದಾಮಿನಲ್ಲಿ ಅಚ್ಚಾದ ಪೌಚ್ ಎಷ್ಟಿದೆ ನೋಡಿ. 9,000 ಇದ್ದು ತಿಂಗಳಿಗೆ 1,500 ಹೋಗುತ್ತಿದ್ದರೆ ಆರು ತಿಂಗಳು ಸಾಕು, ಫಿಲ್ಮಿಗೆ ಹೊಸ ಆರ್ಡರ್ ಇವತ್ತೇ ನಿಲ್ಲಿಸಿ. ಈ ಆರು ತಿಂಗಳು ನಷ್ಟದಲ್ಲೇ ಓಡಬೇಕಾದರೆ ಆ ನಷ್ಟವನ್ನು ಪೌಚಿನ ಬೆಲೆಯ ಜೊತೆ ತೂಗಿ ನೋಡಿ. ಕೆಲವೊಮ್ಮೆ ಪೌಚನ್ನು ಗುಜರಿಗೆ ಹಾಕುವುದೇ ಅಗ್ಗ. ಆಮೇಲೆ ವಿತರಕರಿಗೆ ಕೊನೆಯ ಬ್ಯಾಚಿನ ತಾರೀಖು ತಿಳಿಸಿ, ಯಾವ ದಿನದವರೆಗೆ ವಾಪಸ್ ತೆಗೆದುಕೊಳ್ಳುತ್ತೀರಿ ಎಂದು ಬರೆದು ಕೊಡಿ. ಕೊನೆಯ ಪ್ಯಾಕೆಟ್ಟಿನ ಮೇಲೆ ಆರು ತಿಂಗಳ ಬಾಳಿಕೆ ಬರೆದಿದ್ದರೆ ಅಷ್ಟು ದಿನ ದೂರಿನ ಫೋನ್ ನಂಬರ್ ಚಾಲ್ತಿಯಲ್ಲಿರಬೇಕು, ಬ್ಯಾಚ್ ದಾಖಲೆಗಳೂ ಕೈಗೆ ಸಿಗುವಂತಿರಬೇಕು. ಯಂತ್ರ ಮಾರುವ ಮೊದಲು ಕಾಲರ್, ಜರಡಿ, ಕೈಪಿಡಿಗಳನ್ನು ಜೊತೆಗಿಡಿ. ಅವಿಲ್ಲದ ಪ್ಯಾಕಿಂಗ್ ಯಂತ್ರವನ್ನು ಕೊಳ್ಳುವವರು ಕಬ್ಬಿಣದ ತೂಕಕ್ಕೆ ಕೇಳುತ್ತಾರೆ.